ಫೋಟೊ ಹಾಕಿ ಹುಡುಕಿದಾಗ ಬೇರೆಯೇ ಬೇರಿಂಗ್ ಬರುತ್ತಿದ್ದರೆ: ದೋಷ ಪತ್ತೆ ಮತ್ತು ನಿವಾರಣೆ

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಭಾಗದ ಅಕ್ಕಿ ಗಿರಣಿಗಳಲ್ಲಿ ಬಿಡಿಭಾಗ ಕೆಟ್ಟಾಗ ಅದರ ಫೋಟೊ ತೆಗೆದು, ಮೊಬೈಲಿನ ಚಿತ್ರ ಹುಡುಕಾಟಕ್ಕೆ ಹಾಕಿ, ಬಂದ ಪಟ್ಟಿಯಲ್ಲಿ ಹೋಲುವುದನ್ನು ಆರಿಸಿ ತರಿಸಿಕೊಳ್ಳುವ ರೂಢಿ ಈಗ ಬೆಳೆದಿದೆ. ಬಿಡಿಭಾಗಗಳ ಅಂಗಡಿಯಲ್ಲಿ ಕೂತವರಿಗೆ ಇದರ ಇನ್ನೊಂದು ಮುಖವೂ ಕಾಣುತ್ತದೆ: ಹಾಗೆ ತರಿಸಿದ ಸಾಮಾನು ಕೂಡದೆ ಅದನ್ನು ಕೈಯಲ್ಲಿ ಹಿಡಿದು ಬರುವವರು. ಈ ಬರಹವು ಒಂದೇ ಬಗೆಯ ಸಾಮಾನನ್ನು, ಅಂದರೆ ಬಾಲ್ ಬೇರಿಂಗನ್ನು, ಇಟ್ಟುಕೊಂಡು ತಪ್ಪು ಹೊಂದಾಣಿಕೆ ಎಲ್ಲಿ ಹುಟ್ಟುತ್ತದೆ, ಅದನ್ನು ಫಲಿತಾಂಶ ನೋಡಿಯೇ ಹೇಗೆ ಗುರುತಿಸಬೇಕು ಮತ್ತು ಫೋಟೊವನ್ನು ಹೇಗೆ ತೆಗೆಯಬೇಕು ಎಂಬುದನ್ನು ವಿವರಿಸುತ್ತದೆ. ಬೇರಿಂಗನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನೋಟಕ್ಕೆ ಇಷ್ಟೊಂದು ಒಂದೇ ತರಹ ಇದ್ದು, ಅಳತೆಯಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವನ್ನೂ ಸಹಿಸದ ಸಾಮಾನು ಗಿರಣಿಯಲ್ಲಿ ಮತ್ತೊಂದು ಸಿಗುವುದು ಕಷ್ಟ.

ಹುಡುಕಾಟದ ಒಳಗೆ ನಡೆಯುವುದೇನು

ಫೋಟೊ ಹಾಕಿದ ಕೂಡಲೇ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಇವೆರಡನ್ನು ಬೇರ್ಪಡಿಸಿ ನೋಡದಿದ್ದರೆ ದೋಷ ಎಲ್ಲಿದೆ ಎಂಬುದು ಗೊತ್ತಾಗುವುದಿಲ್ಲ. ಮೊದಲನೆಯದು ರೂಪದ ಹೋಲಿಕೆ. ತಂತ್ರಾಂಶವು ಫೋಟೊದಲ್ಲಿ ಮುಖ್ಯವಾಗಿ ಕಾಣುವ ವಸ್ತುವಿನ ಸುತ್ತ ಒಂದು ಚೌಕಟ್ಟು ಹಾಕಿ, ಆ ಭಾಗವನ್ನು ಚಿಕ್ಕ ಚಿತ್ರವಾಗಿ ಕುಗ್ಗಿಸಿ, ಅದರ ಆಕಾರ, ಬಣ್ಣ, ಮೈಯ ವಿನ್ಯಾಸ ಇವನ್ನೆಲ್ಲ ಅಂಕಿಗಳ ಒಂದು ಉದ್ದ ಸಾಲಾಗಿ ಮಾರ್ಪಡಿಸುತ್ತದೆ. ಮಾರಾಟಗಾರರ ಪಟ್ಟಿಯಲ್ಲಿರುವ ಪ್ರತಿಯೊಂದು ಚಿತ್ರಕ್ಕೂ ಇಂಥದೇ ಸಾಲು ಮೊದಲೇ ಸಿದ್ಧವಿರುತ್ತದೆ. ನಿಮ್ಮ ಸಾಲಿಗೆ ಯಾವ ಸಾಲು ಹತ್ತಿರವೋ ಆ ಚಿತ್ರ ಮೇಲೆ ಬರುತ್ತದೆ. ಈ ಬಗೆಯ ಮಾದರಿಗಳಲ್ಲಿ ಚಿತ್ರವನ್ನು ಬದಿಗೆ 224 ಬಿಂದುಗಳಷ್ಟು ಸಣ್ಣ ಚೌಕಕ್ಕೆ ಇಳಿಸುವುದು ಸಾಮಾನ್ಯ. ಅಷ್ಟು ಕುಗ್ಗಿದ ಮೇಲೆ ಬೇರಿಂಗಿನ ಅಂಚಿನ ಮೇಲಿರುವ ಸಣ್ಣ ನಂಬರು ಒಂದು ಬೂದು ಗೆರೆಯಾಗಿ ಕರಗಿಹೋಗಿರುತ್ತದೆ.

ಎರಡನೆಯದು ಅಕ್ಷರ ಓದುವ ಕೆಲಸ. ಇದು ಕುಗ್ಗಿಸದ ಫೋಟೊದಲ್ಲಿ ಅಕ್ಷರಗಳನ್ನು, ಅಂಕಿಗಳನ್ನು ಹುಡುಕುತ್ತದೆ. ಬೇರಿಂಗಿನ ಮೇಲಿನ `6206-2RS` ಎಂಬುದನ್ನು ಇದು ಸರಿಯಾಗಿ ಓದಿಕೊಂಡಿತೆಂದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು. ಓದಲಾಗಲಿಲ್ಲವೆಂದರೆ ರೂಪದ ಹೋಲಿಕೆಯೊಂದೇ ಉಳಿಯಿತು. ರೂಪದ ಹೋಲಿಕೆಗೆ ಒಂದು ದೊಡ್ಡ ಮಿತಿಯಿದೆ, ಅದೇನೆಂದರೆ ಅದಕ್ಕೆ ಗಾತ್ರ ತಿಳಿಯದು. ಅಂಗೈಯಗಲದ ಬೇರಿಂಗನ್ನು ದೂರದಿಂದ ತೆಗೆದರೂ, ಹೆಬ್ಬೆರಳಿನಷ್ಟರದನ್ನು ಹತ್ತಿರದಿಂದ ತೆಗೆದರೂ, ಚೌಕಟ್ಟಿನೊಳಗೆ ಎರಡೂ ಒಂದೇ.

ಇದರ ಜೊತೆಗೆ ಮಾರಾಟಗಾರರ ಕಡೆಯ ಒಂದು ಅಭ್ಯಾಸವೂ ಸೇರಿಕೊಳ್ಳುತ್ತದೆ. ಒಂದು ಸರಣಿಯ ಹತ್ತಾರು ಅಳತೆಗಳಿಗೆ ಒಂದೇ ಚಿತ್ರ ಹಾಕಿ, ಹೆಸರಿನಲ್ಲಿ ಮಾತ್ರ ನಂಬರು ಬದಲಿಸುವವರು ಬಹಳ. ಆದ್ದರಿಂದ ಚಿತ್ರ ನೂರಕ್ಕೆ ನೂರು ಹೋಲಿದರೂ ಅದರ ಕೆಳಗಿನ ಸಾಮಾನು ನಿಮ್ಮದೇ ಎಂದು ಹೇಳಲು ಬರುವುದಿಲ್ಲ.

ಬಂದ ಪಟ್ಟಿಯಿಂದಲೇ ದೋಷ ಹಿಡಿಯುವುದು

ತಪ್ಪು ಫಲಿತಾಂಶ ಬಂದಾಗ ಬಹಳ ಜನ ಮಾಡುವುದು ಅದೇ ರೀತಿ ಮತ್ತೊಂದು ಫೋಟೊ ತೆಗೆಯುವುದು. ಅದರ ಬದಲು ಬಂದ ಪಟ್ಟಿಯನ್ನು ಒಂದು ನಿಮಿಷ ಗಮನಿಸಬೇಕು. ಯಾವ ಬಗೆಯ ತಪ್ಪು ಬಂದಿದೆ ಎಂಬುದೇ ಫೋಟೊದಲ್ಲಿ ಏನು ಕೊರತೆಯಿದೆ ಎಂಬುದನ್ನು ತೋರಿಸುತ್ತದೆ.

ಪಟ್ಟಿಯಲ್ಲಿ ಬಂದವೆಲ್ಲ ಬೇರಿಂಗುಗಳೇ ಆಗಿದ್ದು, ನಂಬರುಗಳು ಮಾತ್ರ 6204, 6205, 6207, 6305 ಎಂದು ಚೆಲ್ಲಾಪಿಲ್ಲಿಯಾಗಿದ್ದರೆ ರೂಪ ಸರಿಯಾಗಿ ಸಿಕ್ಕಿದೆ, ನಂಬರು ಓದಲಾಗಿಲ್ಲ ಎಂದರ್ಥ. ಇದು ಮಸುಕಿನ ಲಕ್ಷಣ. ಬೇರಿಂಗಿನ ಬದಲು ಬುಷ್, ಆಯಿಲ್ ಸೀಲ್, ಎರಡು ಸಾಲು ಗುಂಡುಗಳ ದಪ್ಪ ಬೇರಿಂಗ್ ಇಂಥವು ಬಂದಿದ್ದರೆ ಓರೆಯಾಗಿ ತೆಗೆದಿರುವ ಸಾಧ್ಯತೆ ಹೆಚ್ಚು. ಪುಲ್ಲಿ, ಚಕ್ರ, ಮೋಟಾರಿನ ಮುಚ್ಚಳ, ಕೊನೆಗೆ ಅಕ್ಕಿ ಚೀಲ ಕೂಡ ಬರುತ್ತಿದ್ದರೆ ಚೌಕಟ್ಟು ತಪ್ಪಿದೆ. ಒಂದೋ ವಸ್ತುವನ್ನು ಅಂಚಿಗೆ ಕತ್ತರಿಸಲಾಗಿದೆ, ಇಲ್ಲವೇ ಸುತ್ತಲಿನದು ಜಾಸ್ತಿ ಸೇರಿದೆ. ಅಕ್ಕಿ ಚೀಲದ ಮಾತು ತಮಾಷೆಗೆ ಹೇಳಿದ್ದಲ್ಲ. ಗಿರಣಿಯಲ್ಲಿ ಕೈಗೆ ಸಿಗುವ ಹಾಸು ಖಾಲಿ ಚೀಲವೇ. ಅದರ ಮೇಲೆ ದಪ್ಪಕ್ಷರದಲ್ಲಿ ಸೋನಾ ಮಸೂರಿ ಎಂದು ಅಚ್ಚಾಗಿರುತ್ತದೆ, ಅಕ್ಷರ ಓದುವ ಭಾಗಕ್ಕೆ ಬೇರಿಂಗಿನ ಸಣ್ಣ ಅಂಕಿಗಿಂತ ಅದೇ ಮೊದಲು ಸಿಗುತ್ತದೆ. ಹಳೆಯ ದಿನಪತ್ರಿಕೆಯ ಮೇಲಿಟ್ಟರೂ ಇದೇ ಗತಿ.

ಮಸುಕು: ಮೂರು ಬಗೆ, ಮೂರು ಪರಿಹಾರ

ಮಸುಕಾದ ಫೋಟೊ ಎಂದು ಒಟ್ಟಾಗಿ ಹೇಳಿದರೂ ಅದಕ್ಕೆ ಕನಿಷ್ಠ ಮೂರು ಬೇರೆ ಕಾರಣಗಳಿವೆ. ಫೋಟೊವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಯಾವುದೆಂದು ಹೇಳಬಹುದು.

ಅಂಕಿಗಳ ಗೆರೆಗಳು ಒಂದೇ ದಿಕ್ಕಿನಲ್ಲಿ ಎಳೆದಂತೆ ಅಥವಾ ಜೋಡಿಯಾಗಿ ಕಾಣುತ್ತಿದ್ದರೆ ಅದು ಕೈ ಅಲುಗಿದ್ದು. ತಗಡಿನ ಚಾವಣಿಯ ಕೆಳಗೆ, ಧೂಳು ಹಿಡಿದ ಬಲ್ಬಿನ ಬೆಳಕಿನಲ್ಲಿ, ಕ್ಯಾಮೆರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟುಕೊಳ್ಳಬೇಕಾಗುತ್ತದೆ. ಅಷ್ಟು ಹೊತ್ತಿನಲ್ಲಿ ಕೈ ಅಲುಗದೆ ಇರುವುದಿಲ್ಲ. ಪಕ್ಕದಲ್ಲಿ ಯಂತ್ರ ಓಡುತ್ತಿದ್ದರೆ ನೆಲವೂ ಅದುರುತ್ತಿರುತ್ತದೆ. ಇದಕ್ಕೆ ಪರಿಹಾರ ಬೆಳಕು, ಇಲ್ಲವೇ ಆಸರೆ. ಬೇರಿಂಗನ್ನು ಹೊರಗಿನ ಕಟ್ಟೆಗೆ ತರಬೇಕು, ಅಥವಾ ಮೊಬೈಲನ್ನು ಎರಡು ಇಟ್ಟಿಗೆಗಳ ಮೇಲೆ ಅಡ್ಡಲಾಗಿಟ್ಟು ಮೂರು ಸೆಕೆಂಡಿನ ಟೈಮರ್ ಹಾಕಬೇಕು.

ಬೇರಿಂಗ್ ಮಸುಕಾಗಿದ್ದು ಅದರ ಹಿಂದಿನ ನೆಲ ಮಾತ್ರ ಸ್ಪಷ್ಟವಾಗಿದ್ದರೆ, ಅಥವಾ ಇಡೀ ಚಿತ್ರ ಸಮನಾಗಿ ಮೆತ್ತಗಿದ್ದರೆ, ಫೋಕಸ್ ಕೂತಿಲ್ಲ ಎಂದರ್ಥ. ಸಾಮಾನ್ಯವಾಗಿ ಇದು ಬಹಳ ಹತ್ತಿರ ಹಿಡಿದದ್ದರ ಫಲ. ನಂಬರು ಸಣ್ಣದೆಂದು ಮೊಬೈಲನ್ನು ಬೇರಿಂಗಿಗೆ ತಾಗುವಷ್ಟು ಸಮೀಪಕ್ಕೆ ಒಯ್ಯುತ್ತಾರೆ. ಆದರೆ ಹೆಚ್ಚಿನ ಮೊಬೈಲುಗಳ ಮುಖ್ಯ ಕ್ಯಾಮೆರಾ ಸುಮಾರು 10 ಸೆಂಟಿಮೀಟರಿಗಿಂತ ಹತ್ತಿರದ ವಸ್ತುವಿನ ಮೇಲೆ ಫೋಕಸ್ ಹಿಡಿಯಲಾರದು. 25ರಿಂದ 30 ಸೆಂಟಿಮೀಟರ್ ದೂರ ಸರಿದು, ಎರಡು ಪಟ್ಟು ಜೂಮ್ ಮಾಡಿ, ಪರದೆಯ ಮೇಲೆ ನಂಬರಿರುವ ಜಾಗವನ್ನೇ ಬೆರಳಿನಿಂದ ಒತ್ತಿ, ಅದು ಸ್ಪಷ್ಟವಾದ ಮೇಲೆ ತೆಗೆಯಬೇಕು.

ಬೆಳಕಿನ ಸುತ್ತ ಮಂಜು ಕವಿದಂತೆ, ಕಪ್ಪು ಭಾಗಗಳು ಬಿಳಿಚಿಕೊಂಡಂತೆ ಕಂಡರೆ ಕ್ಯಾಮೆರಾದ ಗಾಜಿನ ಮೇಲೆ ಗ್ರೀಸ್ ಕೈಯ ಗುರುತಿದೆ. ಗಿರಣಿಯಿಂದ ಬರುವ ಫೋಟೊಗಳಲ್ಲಿ ಇದು ತೀರ ಸಾಮಾನ್ಯ. ಬೇರಿಂಗ್ ಬಿಚ್ಚಿದ ಕೈಯೇ ಮೊಬೈಲು ಹಿಡಿದಿರುತ್ತದೆ. ಒಣಗಿದ ಹತ್ತಿ ಬಟ್ಟೆಯಿಂದ ಗಾಜು ಒರೆಸಿದರೆ ಸಾಕು.

ಇವು ಮೂರೂ ಸರಿಯಿದ್ದು, ಕಳಿಸಿದ ಮೇಲೆ ಮಸುಕಾಗುವುದು ಬೇರೆ ವಿಷಯ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದಾಗ ಅದು ಕುಗ್ಗುತ್ತದೆ. 4000 ಬಿಂದು ಅಗಲದ ಫೋಟೊದಲ್ಲಿ 40 ಸೆಂಟಿಮೀಟರ್ ಅಗಲದ ನೆಲ ಹಿಡಿದಿದ್ದರೆ ಪ್ರತಿ ಮಿಲಿಮೀಟರಿಗೆ 10 ಬಿಂದುಗಳು ಸಿಗುತ್ತವೆ, 2 ಮಿಲಿಮೀಟರ್ ಎತ್ತರದ ಅಂಕಿಗೆ 20 ಬಿಂದುಗಳು, ಅದನ್ನು ಓದಬಹುದು. ಅದೇ ಫೋಟೊ ಕಾಲು ಭಾಗದ ಅಗಲಕ್ಕೆ ಕುಗ್ಗಿದರೆ ಅಂಕಿಗೆ ಐದೇ ಬಿಂದುಗಳು ಉಳಿಯುತ್ತವೆ. ಆಗ 5, 6, 8 ಈ ಮೂರೂ ಒಂದೇ ಆಕಾರದ ಚುಕ್ಕೆಯಾಗುತ್ತವೆ, 6206 ಎಂಬುದು 6205 ಅಥವಾ 6208 ಎಂದು ಓದಿಕೊಳ್ಳುತ್ತದೆ. ಆದ್ದರಿಂದ ಅಂಗಡಿಗೆ ಕಳಿಸುವ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸುವುದು ಮೇಲು. ಹಾಗೆ ಕಳಿಸಿದ್ದು ಕುಗ್ಗುವುದಿಲ್ಲ.

ಓರೆ ನೋಟ ಮರೆಮಾಡುವುದು ಯಾವುದನ್ನು

ಓರೆಯಾಗಿ ತೆಗೆದ ಫೋಟೊ ಎಲ್ಲ ಸಂದರ್ಭದಲ್ಲೂ ಕೆಟ್ಟದ್ದಲ್ಲ. ಮಾರಾಟಗಾರರ ಚಿತ್ರಗಳೇ ಹಲವು ಸಲ ತುಸು ಓರೆಯಾಗಿರುವುದರಿಂದ, ಇದು ಯಾವ ಜಾತಿಯ ಬೇರಿಂಗ್ ಎಂದು ತಿಳಿಯಲು ಅಂಥ ಒಂದು ಫೋಟೊ ಉಪಯೋಗಕ್ಕೇ ಬರುತ್ತದೆ. ತೊಂದರೆ ಶುರುವಾಗುವುದು ಅದೊಂದೇ ಫೋಟೊದಿಂದ ಅಳತೆಯನ್ನೂ ಊಹಿಸಲು ಹೊರಟಾಗ.

ನೇರವಾಗಿ ಮೇಲಿನಿಂದ ನೋಡಿದಾಗ ವೃತ್ತವಾಗಿ ಕಾಣುವ ಉಂಗುರವು 45 ಡಿಗ್ರಿ ಓರೆಯಲ್ಲಿ ಮೊಟ್ಟೆಯಾಕಾರವಾಗುತ್ತದೆ. 62 ಮಿಲಿಮೀಟರ್ ಎತ್ತರವು 44ರಷ್ಟಾಗಿ ಕಾಣುತ್ತದೆ. ಅದೇ ಹೊತ್ತಿಗೆ ಉಂಗುರದ ಹೊರಗೋಡೆ ಕಣ್ಣಿಗೆ ಬೀಳುವುದರಿಂದ ತೆಳ್ಳಗಿನ ಬೇರಿಂಗ್ ದಪ್ಪ ಬುಷ್ಷಿನಂತೆ ತೋರುತ್ತದೆ. ಇದಕ್ಕಿಂತ ಹೆಚ್ಚು ಮೋಸ ಮಾಡುವುದು ಒಳತೂತು. ಓರೆಯಾಗಿ ನೋಡಿದಾಗ ತೂತಿನ ಮೇಲಂಚು ಮತ್ತು ಕೆಳಂಚು ಒಂದರ ಮೇಲೊಂದು ಕೂಡದೆ ಸರಿದುಹೋಗುತ್ತವೆ, ಆರಪಾರ ಕಾಣುವ ಬೆಳಕಿನ ಕಿಂಡಿ ಚಿಕ್ಕದಾಗುತ್ತದೆ. 30 ಮಿಲಿಮೀಟರ್ ತೂತು, 16 ಮಿಲಿಮೀಟರ್ ದಪ್ಪ ಇರುವ ಬೇರಿಂಗನ್ನು ಕೇವಲ 30 ಡಿಗ್ರಿ ಓರೆಯಾಗಿ ನೋಡಿದರೂ ಆ ಕಿಂಡಿಯ ಎತ್ತರ ಸುಮಾರು 18 ಮಿಲಿಮೀಟರಿಗೆ ಇಳಿಯುತ್ತದೆ. ನೋಡುವವರ ಕಣ್ಣು ಅದನ್ನೇ ತೂತಿನ ಅಳತೆ ಎಂದುಕೊಳ್ಳುತ್ತದೆ, ದಪ್ಪ ಉಂಗುರದ ಬೇರಿಂಗುಗಳ ಚಿತ್ರ ಹತ್ತಿರದ್ದೆನಿಸುತ್ತದೆ.

ಫೋಟೊ ನೇರವಾಗಿದೆಯೇ ಎಂದು ಪರೀಕ್ಷಿಸಲು ಉಪಕರಣ ಬೇಡ. ತೂತಿನ ಒಳಗೋಡೆ ಸುತ್ತಲೂ ಒಂದೇ ಅಗಲದಲ್ಲಿ ಕಾಣುತ್ತಿರಬೇಕು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಏನೂ ಇಲ್ಲವೆಂದಾದರೆ ಮೊಬೈಲು ವಾಲಿದೆ. ಪರದೆಯ ಮೇಲೆ ಅಳತೆಪಟ್ಟಿ ಇಟ್ಟು ಉಂಗುರದ ಅಡ್ಡಗಲವನ್ನೂ ಉದ್ದವನ್ನೂ ಅಳೆದರೆ ಎರಡೂ ಸಮನಾಗಿರಬೇಕು.

ಕತ್ತರಿಸುವಾಗ ಕಳೆದುಹೋಗುವುದು

ಫೋಟೊವನ್ನು ಕತ್ತರಿಸುವುದು ಒಳ್ಳೆಯ ಅಭ್ಯಾಸವೇ, ಆದರೆ ಎಲ್ಲಿಗೆ ಎಂಬುದು ಮುಖ್ಯ. ಉಂಗುರದ ಹೊರ ಅಂಚು ಕತ್ತರಿಸಿಹೋದರೆ ತಂತ್ರಾಂಶಕ್ಕೆ ವಸ್ತು ಎಲ್ಲಿ ಮುಗಿಯುತ್ತದೆ ಎಂಬುದು ತಿಳಿಯುವುದಿಲ್ಲ. ಒಳ ರೇಸು ಮತ್ತು ರಬ್ಬರ್ ಸೀಲಿನ ಕಪ್ಪು ಬಳೆ ಮಾತ್ರ ಉಳಿದು ಆಯಿಲ್ ಸೀಲುಗಳ ಸಾಲು ಎದುರಿಗೆ ಬರುತ್ತದೆ. ಇನ್ನೊಂದೆಡೆ, ಬೇರಿಂಗ್ ಶಾಫ್ಟಿನ ಮೇಲೇ ಇದ್ದಾಗ ತೆಗೆದು, ಪುಲ್ಲಿ ಬೆಲ್ಟ್ ಎಲ್ಲವನ್ನೂ ಚೌಕಟ್ಟಿನಲ್ಲಿ ಬಿಟ್ಟರೆ ದೊಡ್ಡದಾಗಿ ಕಾಣುವ ಪುಲ್ಲಿಯೇ ಗೆಲ್ಲುತ್ತದೆ. ವಸ್ತುವಿನ ನಾಲ್ಕೂ ಕಡೆ ಅದರ ಅಗಲದ ಸುಮಾರು ಹತ್ತನೇ ಒಂದು ಭಾಗದಷ್ಟು ಖಾಲಿ ಜಾಗ ಬಿಟ್ಟು ಚೌಕಟ್ಟನ್ನು ಎಳೆಯುವುದು ಸರಿಯಾದ ಕ್ರಮ. ಚಿತ್ರ ಹುಡುಕಾಟದಲ್ಲಿ ಚೌಕಟ್ಟಿನ ಮೂಲೆಗಳನ್ನು ಬೆರಳಿನಿಂದ ಎಳೆಯಲು ಬರುತ್ತದೆ, ತಾನಾಗಿ ಬಿದ್ದ ಚೌಕಟ್ಟನ್ನು ಒಪ್ಪಿಕೊಳ್ಳಬೇಕೆಂದೇನಿಲ್ಲ. ಮೂಲ ಫೋಟೊವನ್ನು ಮಾತ್ರ ಅಳಿಸಬಾರದು. ಕತ್ತರಿಸಿ ಕಳೆದದ್ದರಲ್ಲೇ ನಂಬರಿನ ಕೊನೆಯ ಎರಡು ಅಂಕಿಗಳಿದ್ದ ಪ್ರಸಂಗಗಳು ಕಡಿಮೆಯೇನಲ್ಲ.

ಒಂದು ಪ್ರಕರಣ: ಹೊರಗೆ ಕೂತಿತು, ಶಾಫ್ಟಿಗೆ ಹೋಗಲಿಲ್ಲ

ಕಾರಟಗಿ ಕಡೆಯ ಗಿರಣಿಯೊಂದರ ಫಿಟ್ಟರು ಹೊಟ್ಟು ಹಾರಿಸುವ ಬ್ಲೋವರಿನ ಬೇರಿಂಗ್ ಬಿಚ್ಚಿ, ಫೋಟೊ ಹಾಕಿ ಹುಡುಕಿ, ಹೊಸದನ್ನು ತರಿಸಿದ್ದರು. ಎರಡನ್ನೂ ಕೌಂಟರಿನ ಮೇಲಿಟ್ಟು ಹೇಳಿದ್ದು ಇಷ್ಟು: “ಅಣ್ಣಾರ, ಹೊರಗಿನ ಸೈಜು ಬರೋಬ್ಬರಿ ಐತ್ರಿ, ಶಾಫ್ಟಿಗೆ ಮಾತ್ರ ಹೋಗವಲ್ದು.”

ಹಳೆಯದರ ಸೀಲನ್ನು ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿದಾಗ 6206 ಎಂದು ಕಂಡಿತು. ಹೊಸದು 6305. ಇವೆರಡರ ಅಳತೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ದೋಷದ ದಾರಿ ಸ್ಪಷ್ಟವಾಗುತ್ತದೆ. 6206ರ ಒಳತೂತು 30 ಮಿಲಿಮೀಟರ್, ಹೊರ ವ್ಯಾಸ 62, ದಪ್ಪ 16. 6305ರ ಒಳತೂತು 25, ಹೊರ ವ್ಯಾಸ ಅದೇ 62, ದಪ್ಪ 17. ಫಿಟ್ಟರು ಅಳತೆಪಟ್ಟಿಯಿಂದ ಹೊರ ವ್ಯಾಸವನ್ನಷ್ಟೇ ಅಳೆದಿದ್ದರು. ಪಟ್ಟಿಯಲ್ಲಿ ಬಂದ ಬೇರಿಂಗುಗಳಲ್ಲಿ 62 ಎಂದು ಬರೆದಿದ್ದನ್ನು ಆರಿಸಿದ್ದರು. ಅವರ ತರ್ಕದಲ್ಲಿ ಲೋಪವಿರಲಿಲ್ಲ, ಅವರಿಗೆ ಸಿಕ್ಕ ಮಾಹಿತಿ ಅಷ್ಟೇ ಇತ್ತು.

ಅವರ ಮೊಬೈಲಿನಲ್ಲಿದ್ದ ಫೋಟೊವನ್ನು ಹಿಗ್ಗಿಸಿ ನೋಡಿದಾಗ ಮೂರು ದೋಷಗಳೂ ಒಟ್ಟಿಗೇ ಇದ್ದವು. ಬೇರಿಂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ತೆಗೆದಿದ್ದರಿಂದ ಅದು ವಾಲಿತ್ತು, ಉಂಗುರದ ಒಂದು ಪಕ್ಕ ಹೆಬ್ಬೆರಳಿನ ಹಿಂದೆ ಅಡಗಿತ್ತು. ಸೀಲಿನ ಮೇಲೆ ಗ್ರೀಸು, ಗ್ರೀಸಿಗೆ ತೌಡಿನ ಪುಡಿ ಅಂಟಿ ನಂಬರು ಮುಚ್ಚಿತ್ತು. ಫ್ಲ್ಯಾಶ್ ಬಿದ್ದ ಕಡೆ ಬಿಳಿಯ ಮಚ್ಚೆ. ಅಂದರೆ ಅಕ್ಷರ ಓದುವ ಭಾಗಕ್ಕೆ ಓದಲು ಏನೂ ಇರಲಿಲ್ಲ. ರೂಪದ ಹೋಲಿಕೆಗೆ ಸಿಕ್ಕಿದ್ದು ವಾಲಿದ ಉಂಗುರ, ಅದರ ಕಿಂಡಿ ಇದ್ದದ್ದಕ್ಕಿಂತ ಚಿಕ್ಕದಾಗಿ ಕಂಡದ್ದು.

ಅದೇ ಬೇರಿಂಗನ್ನು ಒರೆಸಿ, ಮೇಲಿನಿಂದ ನೇರವಾಗಿ ತೆಗೆದಿದ್ದರೆ ನಂಬರಿಲ್ಲದೆಯೂ 6305 ಅಲ್ಲವೆಂದು ಹೇಳಬಹುದಿತ್ತು. 6206ರಲ್ಲಿ ಒಳತೂತು ಹೊರ ವ್ಯಾಸದ ಅರ್ಧಕ್ಕೆ ತುಸು ಕಡಿಮೆ, ಅಂದರೆ 0.48ರಷ್ಟು, 6305ರಲ್ಲಿ ಅದು 0.40. ನೇರ ಫೋಟೊದಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೇ ಗೊತ್ತಾಗುತ್ತದೆ, ಯಾಕೆಂದರೆ 63ರ ಸರಣಿಯಲ್ಲಿ ಅದೇ ತೂತಿಗೆ ಉಂಗುರ ಹೆಚ್ಚು ದಪ್ಪ, ಒಳಗಿನ ಗುಂಡುಗಳೂ ದೊಡ್ಡವು.

ಆದರೆ ನೇರ ಫೋಟೊಗೂ ಒಂದು ಎಲ್ಲೆಯಿದೆ. 6205ರ ಅಳತೆ 25ಕ್ಕೆ 52, 6206ರದು 30ಕ್ಕೆ 62, 6207ರದು 35ಕ್ಕೆ 72. ಮೂರನ್ನೂ ಭಾಗಿಸಿ ನೋಡಿದರೆ ಉತ್ತರ 0.48ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಷ್ಟೇ ಸ್ಪಷ್ಟವಾಗಿ, ಎಷ್ಟೇ ನೇರವಾಗಿ ತೆಗೆದರೂ ಈ ಮೂರನ್ನು ಮುಂಭಾಗದ ರೂಪದಿಂದ ಬೇರ್ಪಡಿಸಲು ಬರುವುದಿಲ್ಲ. ಇಲ್ಲಿ ನಂಬರು ಬೇಕು, ನಂಬರು ಅಳಿಸಿದ್ದರೆ ಅಳತೆಗೆ ಹೋಲಿಸಲು ಗೊತ್ತಿರುವ ಒಂದು ವಸ್ತು ಫೋಟೊದಲ್ಲೇ ಇರಬೇಕು.

ಹತ್ತು ರೂಪಾಯಿ ನಾಣ್ಯ

ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿಲಿಮೀಟರ್. ಬೇರಿಂಗಿನ ಪಕ್ಕದಲ್ಲಿ ಅದನ್ನಿಟ್ಟು ತೆಗೆದ ಫೋಟೊ ಅಂಗಡಿಯವರಿಗೆ ಹತ್ತು ಮಾತುಗಳಿಗಿಂತ ಹೆಚ್ಚು ಉಪಯುಕ್ತ. ಫೋಟೊಗಿಂತ ಮೊದಲೇ ಮಾಡಬಹುದಾದ ಪರೀಕ್ಷೆಯೂ ಇದರಲ್ಲಿದೆ: ನಾಣ್ಯವನ್ನು ತೂತಿನೊಳಗೆ ಮಲಗಿಸಿ ಇಳಿಬಿಡಬೇಕು. 30 ಮಿಲಿಮೀಟರ್ ತೂತಿನಲ್ಲಿ ಅದು ಸರಾಗವಾಗಿ ಕೆಳಗೆ ಬೀಳುತ್ತದೆ, 25ರ ತೂತಿನ ಮೇಲೆ ಮುಚ್ಚಳದಂತೆ ಕೂರುತ್ತದೆ. ಮೇಲಿನ ಪ್ರಕರಣದ ಗೊಂದಲ ಅಷ್ಟರಲ್ಲೇ ಬಗೆಹರಿಯುತ್ತಿತ್ತು.

ಫೋಟೊಗೆ ನಾಣ್ಯ ಇಡುವಾಗ ಒಂದು ಸೂಕ್ಷ್ಮವನ್ನು ಮರೆಯಬಾರದು. ನಾಣ್ಯ ನೆಲದ ಮೇಲೆ, ಬೇರಿಂಗಿನ ಮುಖ ಅದಕ್ಕಿಂತ 16 ಮಿಲಿಮೀಟರ್ ಮೇಲೆ. ಕ್ಯಾಮೆರಾಗೆ ಹತ್ತಿರವಿರುವುದು ದೊಡ್ಡದಾಗಿ ಕಾಣುತ್ತದೆ. 20 ಸೆಂಟಿಮೀಟರ್ ಎತ್ತರದಿಂದ ತೆಗೆದರೆ ಈ ಕಾರಣಕ್ಕೇ ನೂರಕ್ಕೆ ಎಂಟರಷ್ಟು ವ್ಯತ್ಯಾಸ ಬಂದು 62 ಎಂಬುದು 67ರಷ್ಟಾಗಿ ಲೆಕ್ಕಕ್ಕೆ ಸಿಗುತ್ತದೆ. ನಾಣ್ಯವನ್ನು ಮಲಗಿಸಿದ ಬೆಂಕಿಪೊಟ್ಟಣದಂಥ ಯಾವುದಾದರೂ ವಸ್ತುವಿನ ಮೇಲಿಟ್ಟು ಬೇರಿಂಗಿನ ಮುಖದ ಎತ್ತರಕ್ಕೆ ತರಬೇಕು, ಮೊಬೈಲನ್ನು ಅರ್ಧ ಮೀಟರಿನಷ್ಟು ಮೇಲೆ ಹಿಡಿದು ಜೂಮ್ ಮಾಡಬೇಕು. ದೂರ ಹೆಚ್ಚಾದಷ್ಟೂ ಈ ತಪ್ಪು ಕಡಿಮೆಯಾಗುತ್ತದೆ.

ಲೆಕ್ಕ ಸರಳವಾದದ್ದು. ಪರದೆಯ ಮೇಲೆ ಅಳತೆಪಟ್ಟಿ ಇಟ್ಟಾಗ ನಾಣ್ಯ 13.5 ಮಿಲಿಮೀಟರ್ ಕಂಡಿತೆಂದುಕೊಳ್ಳಿ. ಅಂದರೆ ಚಿತ್ರ ನಿಜದ ಅರ್ಧದಷ್ಟಿದೆ. ಅದೇ ಪರದೆಯಲ್ಲಿ ತೂತು 15, ಹೊರ ವ್ಯಾಸ 31 ಬಂದರೆ ನಿಜದಲ್ಲಿ 30 ಮತ್ತು 62. ಒಂದು ಮಿಲಿಮೀಟರ್ ಅತ್ತಿತ್ತ ಆದರೂ ಚಿಂತೆಯಿಲ್ಲ, ಬೇರಿಂಗುಗಳ ಒಳತೂತು ಈ ಗಾತ್ರಗಳಲ್ಲಿ ಐದೈದು ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ಏರುತ್ತದೆ. 20 ಮಿಲಿಮೀಟರಿನಿಂದ ಮೇಲಕ್ಕೆ ನಂಬರಿನ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳತೂತು ಸಿಗುತ್ತದೆ: 04 ಇದ್ದರೆ 20, 06 ಇದ್ದರೆ 30. ವರ್ನಿಯರ್ ಕೈಯಲ್ಲಿದ್ದರೆ ಇದೆಲ್ಲ ಬೇಕಿಲ್ಲ, ಮೂರು ಅಳತೆ ಬರೆದು ಕಳಿಸಿದರಾಯಿತು.

ನಂಬರಿಗೆಂದೇ ಬೇರೆ ಫೋಟೊ

ಒಂದೇ ಫೋಟೊದಲ್ಲಿ ರೂಪವನ್ನೂ ನಂಬರನ್ನೂ ಹಿಡಿಯುವ ಆಸೆ ಬಿಡುವುದು ಒಳ್ಳೆಯದು. ರೂಪಕ್ಕೆ ನೇರ ಫೋಟೊ ಒಂದು, ದಪ್ಪ ಕಾಣುವಂತೆ ಪಕ್ಕದಿಂದ ಒಂದು, ನಂಬರಿಗೆ ಒಂದು. ನಂಬರಿನ ಫೋಟೊಗೆ ಬೇಕಾದ ಬೆಳಕು ಬೇರೆ ಬಗೆಯದು.

ಬೇರಿಂಗಿನ ನಂಬರು ರಬ್ಬರ್ ಸೀಲಿನ ಮೇಲೆ, ತಗಡಿನ ಮುಚ್ಚಳದ ಮೇಲೆ ಅಥವಾ ಉಕ್ಕಿನ ಹೊರ ರೇಸಿನ ಮುಖದ ಮೇಲೆ ಇರುತ್ತದೆ. ಉಕ್ಕಿನ ಮೇಲೆ ಕೊರೆದ ಅಂಕಿಗೆ ಬಣ್ಣವಿಲ್ಲ. ಅದು ಕಾಣುವುದು ಅದರ ಅಂಚು ಬೀಳಿಸುವ ನೆರಳಿನಿಂದ ಮಾತ್ರ. ಎದುರಿನಿಂದ ಫ್ಲ್ಯಾಶ್ ಹೊಡೆದಾಗ ನೆರಳು ಮಾಯವಾಗಿ ಲೋಹವೆಲ್ಲ ಬಿಳಿಯಾಗುತ್ತದೆ. ಆದ್ದರಿಂದ ಫ್ಲ್ಯಾಶ್ ಆರಿಸಿ, ಇನ್ನೊಂದು ಮೊಬೈಲಿನ ಟಾರ್ಚನ್ನು ಬೇರಿಂಗಿನ ಮುಖಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಪಕ್ಕದಿಂದ ಹಿಡಿದು ನಿಧಾನವಾಗಿ ಸುತ್ತ ತಿರುಗಿಸಬೇಕು. ಒಂದು ಜಾಗದಲ್ಲಿ ಅಂಕಿಗಳು ಎದ್ದು ನಿಲ್ಲುತ್ತವೆ. ಆಗ ತೆಗೆಯಬೇಕು. ಹಾಗೂ ಕಾಣದಿದ್ದರೆ ಸೀಮೆಸುಣ್ಣವನ್ನು ಅದರ ಮೇಲೆ ಉಜ್ಜಿ, ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಪುಡಿ ಗೀರುಗಳಲ್ಲಿ ಉಳಿದು ಅಂಕಿ ಬೆಳ್ಳಗೆ ಕಾಣುತ್ತದೆ. ಇದು ಬಿಚ್ಚಿ ಹಾಕಿದ ಹಳೆಯ ಬೇರಿಂಗಿಗೆ ಮಾತ್ರ. ಮತ್ತೆ ಕೂರಿಸುವ ಬೇರಿಂಗಿನ ಹತ್ತಿರ ಸುಣ್ಣದ ಪುಡಿ ಒಯ್ಯಬಾರದು.

ನಮ್ಮ ಕಡೆಯ ಮಧ್ಯಾಹ್ನದ ಬಿಸಿಲು ಲೋಹದ ಫೋಟೊಗೆ ಫ್ಲ್ಯಾಶಿನಷ್ಟೇ ಕೆಟ್ಟದ್ದು. ಬಾಗಿಲೊಳಗಿನ ನೆರಳು, ಅಂದರೆ ಆಕಾಶದ ಬೆಳಕು ಬರುವ ಆದರೆ ಬಿಸಿಲು ನೇರವಾಗಿ ಬೀಳದ ಜಾಗ, ಎಲ್ಲಕ್ಕಿಂತ ಅನುಕೂಲ. ಕೆಳಗೆ ಹಾಸಲು ಅಕ್ಷರವಿಲ್ಲದ ಬಿಳಿ ಹಾಳೆ ಅಥವಾ ರಟ್ಟಿನ ಪೆಟ್ಟಿಗೆಯ ಒಳಬದಿ ಸಾಕು. ಬೂದು ಸಿಮೆಂಟಿನ ನೆಲದ ಮೇಲೆ ಬೂದು ಉಕ್ಕನ್ನು ಇಡಬಾರದು, ಅಂಚು ಎಲ್ಲಿದೆ ಎಂಬುದೇ ತಂತ್ರಾಂಶಕ್ಕೆ ಹತ್ತುವುದಿಲ್ಲ.

ನಂಬರು ನಿಮ್ಮ ಕಣ್ಣಿಗೆ ಓದಲು ಬಂದಿದ್ದರೆ ಅದನ್ನು ಚಿತ್ರದಿಂದ ಹುಡುಕಿಸುವ ಅಗತ್ಯವೇ ಇಲ್ಲ. ಹುಡುಕುವ ಜಾಗದಲ್ಲಿ ನೇರವಾಗಿ ಹೀಗೆ ಬರೆಯಬಹುದು:

```
6206-2RS C3
```

ಇಲ್ಲಿ `2RS` ಎಂದರೆ ಎರಡೂ ಕಡೆ ರಬ್ಬರ್ ಸೀಲ್. `ZZ` ಎಂದಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ. ಹೊಟ್ಟು ಧೂಳಿನ ಜಾಗಕ್ಕೆ ರಬ್ಬರ್ ಸೀಲೇ ತಕ್ಕದ್ದು. ಸೀಲಿನ ಬಣ್ಣ ಸ್ಪಷ್ಟವಾಗಿ ಕಂಡರೆ ಈ ಎರಡನ್ನು ಫೋಟೊದಿಂದಲೂ ಹೇಳಬಹುದು.

ಒಳ್ಳೆಯ ಫೋಟೊದಿಂದಲೂ ಆಗದ್ದು

`C3` ಎಂಬುದು ಗುಂಡುಗಳಿಗೂ ರೇಸಿಗೂ ನಡುವಿನ ಸಡಿಲ ಸಾಮಾನ್ಯಕ್ಕಿಂತ ಹೆಚ್ಚಿದೆ ಎಂದು ಸೂಚಿಸುತ್ತದೆ. ಅದು ಮೈಕ್ರಾನುಗಳ ಲೆಕ್ಕದ ವಿಷಯ, ಯಾವ ಕ್ಯಾಮೆರಾಗೂ ಕಾಣುವುದಿಲ್ಲ. ಬಿಸಿಯೇರುವ ಮೋಟಾರಿನಿಂದ ಬಿಚ್ಚಿದ ಬೇರಿಂಗಿನ ಮೇಲೆ ಆ ಗುರುತಿದ್ದರೆ ಹೊಸದರ ಮೇಲೂ ಅದು ಇರಬೇಕು. ಅಸಲಿಯೋ ನಕಲಿಯೋ ಎಂಬುದನ್ನೂ ಫೋಟೊ ಹೋಲಿಕೆ ಹೇಳಲಾರದು, ನಕಲಿ ಮಾಡುವವರು ಮೊದಲು ನಕಲು ಮಾಡುವುದೇ ನೋಟವನ್ನು.

ಎಲಿವೇಟರಿನ ಕೆಳಗೆ, ಕನ್ವೇಯರಿನ ತುದಿಯಲ್ಲಿ ಬೀಡಿನ ಪೀಠದೊಳಗೆ ಕೂರುವ ಬೇರಿಂಗುಗಳಲ್ಲಿ ಇನ್ನೊಂದು ತೊಡಕಿದೆ. `UC205` ಎಂಬುದರ ತೂತು 25 ಮಿಲಿಮೀಟರ್, `UC205-16` ಎಂಬುದರದು ಒಂದು ಇಂಚು, ಅಂದರೆ 25.4. ಎರಡೂ ಒಂದೇ ಪೀಠದಲ್ಲಿ ಕೂರುತ್ತವೆ, ನೋಟದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇಂಚಿನ ಶಾಫ್ಟಿಗೆ 25ರದು ಏರುವುದೇ ಇಲ್ಲ. 25ರ ಶಾಫ್ಟಿಗೆ ಇಂಚಿನದನ್ನು ಹಾಕಿದರೆ ಸ್ಕ್ರೂ ಬಿಗಿದ ಮೇಲೂ ಅದು ಒಂದು ಪಕ್ಕಕ್ಕೆ ಸರಿದು ಕೂತು ಶಾಫ್ಟನ್ನು ಸವೆಸುತ್ತದೆ. ಈ 0.4 ಮಿಲಿಮೀಟರನ್ನು ನಾಣ್ಯದ ಲೆಕ್ಕವೂ ಹಿಡಿಯಲಾರದು. ಇಂಥ ಬೇರಿಂಗಿಗೆ ಫೋಟೊ ಕಳಿಸುವವರು ಶಾಫ್ಟಿನ ಸವೆಯದ ಭಾಗಕ್ಕೆ ವರ್ನಿಯರ್ ಹಿಡಿದು, ಅದರ ಅಂಕಿ ಓದಲು ಬರುವಂತೆ ಇನ್ನೊಂದು ಫೋಟೊ ತೆಗೆದು ಜೊತೆಗೆ ಕಳಿಸಬೇಕು.